ಮನೆಗೆ ನೀರು ನುಗ್ಗಿದ ತಿಂಗಳ ಬಾಡಿಗೆ ಯಾರ ಲೆಕ್ಕಕ್ಕೆ?

*ಮೇಡಂ, ನಾವು ಬೆಂಗಳೂರಿನ ಹೊರಮಾವು ಕಡೆ ಒಂದು ಕಟ್ಟಡದ ಗ್ರೌಂಡ್ ಫ್ಲೋರಿನಲ್ಲಿ ಎರಡು ಬೆಡ್‌ರೂಮಿನ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಬಾಡಿಗೆ 24,000, ಅಡ್ವಾನ್ಸ್ 2 ಲಕ್ಷ. 11 ತಿಂಗಳ ಅಗ್ರಿಮೆಂಟು, 4 ತಿಂಗಳಾಗಿದೆ. ಕಳೆದ ತಿಂಗಳು 5ರ ರಾತ್ರಿ ಜೋರು ಮಳೆಗೆ ಮೊದಲು ಬಾತ್‌ರೂಮಿನ ಜಾಲರಿಯಿಂದ ಕೊಳಚೆ ನೀರು ಉಕ್ಕಿತು, ಆಮೇಲೆ ಬಾಗಿಲಿಂದಲೂ ನುಗ್ಗಿತು. ಮೊಣಕಾಲುದ್ದ ನೀರು. ಕರೆಂಟ್ ಸರಿಯಾಗಿದ್ದು 14ನೇ ತಾರೀಖು. ಅಲ್ಲಿತನಕ ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ ಇದ್ದೆವು. ಈಗ ವಾಪಸ್ ಬಂದರೂ ಒಂದು ರೂಮು, ಒಂದು ಬಾತ್‌ರೂಮು ಬಳಸೋಕಾಗ್ತಿಲ್ಲ, ಗೋಡೆ ವಾಸನೆಗೆ ಅತ್ತೆಗೆ ಕೆಮ್ಮು. ಓನರ್ ಅಂಕಲ್ "ಮಳೆ ನಾನು ತರಿಸಿದ್ನಾ? ಬಾಡಿಗೆ ಪೂರ್ತಿ ಹಾಕಿ" ಅಂತಾರೆ. ಮೂರನೇ ಮಹಡಿಯಲ್ಲಿ ಅವರದೇ ಚಿಕ್ಕ ಮನೆ ಖಾಲಿ ಇದೆ, ಅದನ್ನಾದರೂ ಕೊಡಿ ಅಂದರೆ ಮಾತಾಡಲ್ಲ. ಬಾಡಿಗೆ ಮನ್ನಾ, ಸರ್ವಿಸ್ ಅಪಾರ್ಟ್‌ಮೆಂಟಿನ ಖರ್ಚು ಕೇಳೋ ಹಕ್ಕು ನಮಗಿದೆಯಾ? ಬಾಡಿಗೆ ಹಾಕದೇ ಸುಮ್ಮನಿದ್ದರೆ ಏನಾಗುತ್ತೆ? ಇನ್ನೊಂದು ಮಾತು: ಹೊಸ್ತಿಲ ಹೊರಗೆ ಒಂದಡಿ ಎತ್ತರದ ಸಿಮೆಂಟ್ ಕಟ್ಟೆ ಇದೆ. ಮನೆ ನೋಡೋಕೆ ಬಂದಾಗ ಕೇಳಿದ್ದಕ್ಕೆ ಇಲಿ ಬರದಿರಲಿ ಅಂತ ಕಟ್ಟಿಸಿದ್ದು ಅಂದಿದ್ದರು.*

ನಿಮ್ಮ ಪತ್ರದ ಕೊನೆಯ ಎರಡು ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು "ಇನ್ನೊಂದು ಮಾತು" ಎಂದು ಬರೆದಿದ್ದೀರಿ. ನನ್ನ ಕಣ್ಣಿಗೆ ನಿಮ್ಮ ಕೇಸಿನ ಜೀವ ಇರುವುದು ಆ ಒಂದಡಿ ಕಟ್ಟೆಯಲ್ಲೇ. ಇವತ್ತೇ ಅದರ ಫೋಟೋ ತೆಗೆದಿಡಿ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಒಂದು, ದೂರದಿಂದ ಬಾಗಿಲು ಪೂರ್ತಿ ಕಾಣುವಂತೆ ಇನ್ನೊಂದು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನೇರ ಉತ್ತರ. ನೀರು ನುಗ್ಗಿತು ಎಂಬ ಒಂದೇ ಕಾರಣಕ್ಕೆ ಬಾಡಿಗೆ ತಾನಾಗಿಯೇ ಮನ್ನಾ ಆಗುವ ಕಾನೂನು ಕರ್ನಾಟಕದಲ್ಲಿ ಇಲ್ಲ. ಓನರ್ ನಿಮಗೆ ಬೇರೆ ಮನೆ ಕೊಡಲೇಬೇಕು ಎಂಬ ಕಾನೂನೂ ಇಲ್ಲ. ಹಾಗಂತ ಪೂರ್ತಿ ಬಾಡಿಗೆ ಕೊಟ್ಟು ಕೂರಬೇಕಾಗಿಯೂ ಇಲ್ಲ. ನಿಮ್ಮ ಕೈಯಲ್ಲಿ ಬೇರೆ ಹಿಡಿತಗಳಿವೆ. ಅವು ಉಳಿಯಬೇಕಾದರೆ ಒಂದು ಕೆಲಸ ಮಾತ್ರ ಮಾಡಬೇಡಿ: ಏನೂ ಬರೆಯದೆ, ಏನೂ ಹೇಳದೆ ಬಾಡಿಗೆ ನಿಲ್ಲಿಸಬೇಡಿ.

"ಹೊಸ ಬಾಡಿಗೆ ಕಾಯ್ದೆ ಬಂದಿದೆ, ಮನೆ ವಾಸಕ್ಕೆ ಆಗದಿದ್ದರೆ ಬಾಡಿಗೆ ಕೊಡಬೇಕಿಲ್ಲ, ಅಡ್ವಾನ್ಸ್ ಎರಡೇ ತಿಂಗಳದ್ದು" ಎಂಬ ವಾಟ್ಸಾಪ್ ಸಂದೇಶ ಪ್ರತಿ ಮಳೆಗಾಲದಲ್ಲೂ ಓಡಾಡುತ್ತದೆ. ಅದು ಪೂರಾ ಸುಳ್ಳಲ್ಲ, ಆದರೆ ನಮ್ಮ ಉಪಯೋಗಕ್ಕೆ ಬರುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ಪ್ರಕೃತಿ ವಿಕೋಪದಿಂದ ಮನೆ ವಾಸಕ್ಕೆ ಬಾರದಂತಾದರೆ, ಓನರ್ ಅದನ್ನು ಸರಿಪಡಿಸಿ ಕೊಡುವವರೆಗೆ ಬಾಡಿಗೆ ಕೇಳಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಸರಿಪಡಿಸದಿದ್ದರೆ ನೋಟಿಸು ಕೊಟ್ಟು ಮನೆ ಬಿಡಬಹುದು, ನೋಟಿಸಿನ ಅವಧಿ ಮುಗಿದ 15 ದಿನದೊಳಗೆ ಅಡ್ವಾನ್ಸ್ ವಾಪಸ್ ಬರಬೇಕು ಎಂದೂ ಇದೆ. ಒಳ್ಳೆಯ ಕಾಯ್ದೆ. ಆದರೆ ಬಾಡಿಗೆ ವಿಷಯ ರಾಜ್ಯದ್ದು; ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಕರ್ನಾಟಕ ಅದನ್ನು ಜಾರಿಗೆ ತಂದಿಲ್ಲ. ನಮ್ಮದೇ 1999ರ ಬಾಡಿಗೆ ಕಾಯ್ದೆ ಇದೆಯಲ್ಲ ಎಂದರೆ, ಅದು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಯ ಮನೆಗಳಿಗೆ ಮಾತ್ರ. 24,000ದ ಮನೆ ಅದರ ಬಾಗಿಲಿಗೂ ಹೋಗುವಂತಿಲ್ಲ.

ಹಾಗಾಗಿ ನಿಮಗೆ ಅನ್ವಯಿಸುವುದು ಎರಡೇ ಕಾಗದ. ಒಂದು, ನೀವೇ ಸಹಿ ಮಾಡಿದ ಅಗ್ರಿಮೆಂಟು. ಇನ್ನೊಂದು, 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅಗ್ರಿಮೆಂಟಿನಲ್ಲಿ ಪ್ರವಾಹ, ಬೆಂಕಿ, "ದೈವಾಧೀನ ಘಟನೆ" ಎಂಬ ಮಾತು ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಅಲ್ಲಿ ಬರೆದದ್ದೇ ಮೊದಲು ನಡೆಯುತ್ತದೆ. ನಾನು ನೋಡುವ ಹತ್ತರಲ್ಲಿ ಒಂಬತ್ತು ಅಗ್ರಿಮೆಂಟು ಛಾಪಾ ಕಾಗದದ ಅಂಗಡಿಯಲ್ಲೇ ಟೈಪ್ ಆದವು. ಮೊಳೆ ಹೊಡೆಯಬಾರದು, ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಎಂದು ಇರುತ್ತದೆ. ನೀರು ಬಂದರೆ ಏನು ಎಂದು ಇರುವುದಿಲ್ಲ. ಇಲ್ಲದಿದ್ದರೆ 1882ರ ಕಾಯ್ದೆಯ 108ನೇ ಕಲಮೇ ಗತಿ.

ಆ ಕಲಮಿನಲ್ಲಿ ಬೆಂಕಿ, ಬಿರುಗಾಳಿ, ಪ್ರವಾಹದ ಹೆಸರು ಹಿಡಿದೇ ಒಂದು ಉಪಕಲಮು ಇದೆ. ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ, ಅಥವಾ ಯಾವ ಉದ್ದೇಶಕ್ಕೆ ಕೊಟ್ಟಿದ್ದರೋ ಅದಕ್ಕೆ "ಗಣನೀಯವಾಗಿ ಮತ್ತು ಶಾಶ್ವತವಾಗಿ" ಬಾರದಂತಾದರೆ, ಬಾಡಿಗೆದಾರ ಇಷ್ಟಪಟ್ಟಲ್ಲಿ ಗುತ್ತಿಗೆ ರದ್ದಾಗುತ್ತದೆ. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು "ಶಾಶ್ವತವಾಗಿ" ಎಂಬ ಶಬ್ದ. ಮೂರು ವಾರ ಒಣಗಿಸಿ, ಸುಣ್ಣಬಣ್ಣ ಮಾಡಿದರೆ ಮತ್ತೆ ವಾಸ ಮಾಡಬಹುದಾದ ಮನೆ ಶಾಶ್ವತವಾಗಿ ಕೆಟ್ಟಿತು ಎನ್ನಲಾಗದು. ಕೋವಿಡ್ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದ ಬಾಡಿಗೆದಾರರೊಬ್ಬರು ಬಾಡಿಗೆ ಮನ್ನಾ ಮಾಡಿಸಿ ಎಂದು ದೆಹಲಿ ಹೈಕೋರ್ಟನ್ನು ಕೇಳಿದ್ದರು. 2020ರ ಮೇ ತಿಂಗಳಲ್ಲಿ ಕೋರ್ಟು, ತಾತ್ಕಾಲಿಕವಾಗಿ ಬಳಸಲಾಗದಿರುವುದು ಈ ಕಲಮಿಗೆ ಸಾಲದು ಎಂದಿತು. ಬಾಡಿಗೆ ತಡವಾಗಿ ಕಟ್ಟಲು ಸ್ವಲ್ಪ ಕಾಲಾವಕಾಶ ಸಿಕ್ಕಿತೇ ಹೊರತು ಮನ್ನಾ ಸಿಗಲಿಲ್ಲ.

ಎರಡನೆಯದು "ಬಾಡಿಗೆದಾರ ಇಷ್ಟಪಟ್ಟಲ್ಲಿ" ಎಂಬ ಮಾತು. ಗುತ್ತಿಗೆ ತಾನಾಗಿ ಸಾಯುವುದಿಲ್ಲ. ಕಟ್ಟಡವೇ ಬಿದ್ದುಹೋದರೂ ಬಾಡಿಗೆದಾರನ ಹಕ್ಕು ಅಷ್ಟಕ್ಕೇ ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಅದು ಬಾಡಿಗೆದಾರರ ಪರವಾದ ತೀರ್ಪು, ಓನರ್ ಇದೇ ನೆಪ ಮಾಡಿ ಹೊರಹಾಕುವಂತಿಲ್ಲ. ಆದರೆ ಅದರ ಇನ್ನೊಂದು ಮುಖ ನೋಡಿ: "ನನಗೆ ಈ ಗುತ್ತಿಗೆ ಬೇಡ" ಎಂದು ನೀವು ಹೇಳುವವರೆಗೆ ಅದು ಬದುಕಿಯೇ ಇರುತ್ತದೆ, ಬಾಡಿಗೆಯೂ ಬೆಳೆಯುತ್ತಲೇ ಇರುತ್ತದೆ. ಮನೆ ಬಿಟ್ಟು ಅಣ್ಣನ ಮನೆಗೆ ಹೋದವರು, ಆರು ತಿಂಗಳಾದ ಮೇಲೆ ಅಡ್ವಾನ್ಸ್ ಕೇಳಿದಾಗ "ಆರು ತಿಂಗಳ ಬಾಡಿಗೆ ಕಳೆದರೆ ಏನೂ ಉಳಿಯಲ್ಲ" ಎಂಬ ಉತ್ತರ ಕೇಳಿ ಕಂಗಾಲಾಗಿ ನನ್ನ ಬಳಿ ಬಂದದ್ದು ಒಂದೆರಡು ಸಲವಲ್ಲ.

ಈಗ ಕಟ್ಟೆಯ ವಿಷಯ. ಅದೇ 108ನೇ ಕಲಮಿನ ಮೊದಲ ಉಪಕಲಮು ಓನರ್ ಮೇಲೆ ಒಂದು ಕರ್ತವ್ಯ ಹೊರಿಸುತ್ತದೆ. ಮನೆಯ ಬಳಕೆಗೆ ಅಡ್ಡಿಯಾಗುವಂಥ ದೊಡ್ಡ ದೋಷ ತನಗೆ ಗೊತ್ತಿದ್ದು, ಬಾಡಿಗೆದಾರನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯುವಂತಿಲ್ಲದಿದ್ದರೆ ಅದನ್ನು ಮೊದಲೇ ಹೇಳಬೇಕು. ವಾಸದ ಮನೆಗೆ ಪ್ರತಿ ಮಳೆಗಾಲ ನೀರು ನುಗ್ಗುವುದಕ್ಕಿಂತ ದೊಡ್ಡ ದೋಷ ಇನ್ನೇನಿದೆ? "ಮಳೆ ನಾನು ತರಿಸಿದ್ನಾ" ಎಂಬ ಮಾತಿಗೆ ನಿಮ್ಮ ಉತ್ತರ ಇದು: ಮಳೆ ನೀವು ತರಿಸಿಲ್ಲ ಅಂಕಲ್, ಆದರೆ ನೀರು ಬರುತ್ತದೆ ಅಂತ ನಿಮಗೆ ಗೊತ್ತಿತ್ತಾ?

ಗೊತ್ತಿತ್ತೇ ಎಂದು ಪತ್ತೆ ಹಚ್ಚುವುದು ಅಂದುಕೊಂಡಷ್ಟು ಕಷ್ಟವಲ್ಲ. ಹೊಸ್ತಿಲ ಕಟ್ಟೆ ಒಂದು ಗುರುತು. ನೆಲದಿಂದ ಒಂದಡಿ ಎತ್ತರದಲ್ಲಿ ಇರಬೇಕಾದ ಪ್ಲಗ್ ಪಾಯಿಂಟುಗಳನ್ನು ನಾಲ್ಕಡಿಗೆ ಏರಿಸಿದ್ದಾರಾ ನೋಡಿ. ಕೆಳಗಿನ ಹಳೆಯ ಪೆಟ್ಟಿಗೆಗೆ ಸಿಮೆಂಟ್ ಮೆತ್ತಿದ ಚೌಕಾಕಾರ ಬಣ್ಣದ ಅಡಿಯಲ್ಲೂ ಕಾಣುತ್ತದೆ. ಬಾಗಿಲ ಚೌಕಟ್ಟಿನ ಕೆಳಗಿನ ಒಂದಡಿ ಮರ ಮೇಲಿನದಕ್ಕಿಂತ ಕಪ್ಪಾಗಿದೆಯೇ, ಅಡುಗೆಮನೆಯ ಕೆಳ ಕಪಾಟುಗಳು ಮಾತ್ರ ಹೊಸವೇ, ಮೀಟರ್ ಬೋರ್ಡು ಎತ್ತರಕ್ಕೆ ಹೋಗಿದೆಯೇ ನೋಡಿ. ಮೇಲಿನ ಮನೆಯವರನ್ನು, ಎದುರಿನ ಅಂಗಡಿಯವರನ್ನು ಕೇಳಿ. ನಿಮಗಿಂತ ಮೊದಲಿದ್ದ ಬಾಡಿಗೆದಾರರ ನಂಬರು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹೊರಮಾವಿನ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿದಾಗ ಪತ್ರಿಕೆಗಳಲ್ಲಿ ಬೀದಿಬೀದಿಯ ಫೋಟೋ ಬಂದಿದ್ದವು. ನಿಮ್ಮ ಬೀದಿಯ ಹಳೆಯ ವರದಿ, ವಿಡಿಯೊ ಇದೆಯೇ ಹುಡುಕಿ.

ಬಾತ್‌ರೂಮಿನ ಜಾಲರಿಯಿಂದ ಮೊದಲು ನೀರು ಬಂತು ಎಂದಿದ್ದೀರಿ. ಈ ಕ್ರಮವೂ ಮುಖ್ಯ, ಯಾವ ಹೊತ್ತಿಗೆ ಏನಾಯಿತು ಎಂಬುದನ್ನು ನೆನಪಿರುವಾಗಲೇ ಬರೆದಿಡಿ. ಬೀದಿಯ ಒಳಚರಂಡಿಗೆ ಮಳೆನೀರು ಸೇರಿ ತುಂಬಿಕೊಂಡಾಗ, ಹೋಗಲು ದಾರಿಯಿಲ್ಲದೆ ಅದು ಪೈಪಿನಲ್ಲಿ ಹಿಮ್ಮುಖವಾಗಿ ಬಂದು ಅತಿ ತಗ್ಗಿನಲ್ಲಿರುವ ಬಾಯಿಯಿಂದ ಉಕ್ಕುತ್ತದೆ. ಆ ಬಾಯಿ ಸಾಮಾನ್ಯವಾಗಿ ಗ್ರೌಂಡ್ ಫ್ಲೋರಿನ ಬಾತ್‌ರೂಮೇ. ಕಟ್ಟಡದ ಕೊನೆಯ ಚೇಂಬರಿನಲ್ಲಿ ನೀರು ಹೊರಗೆ ಮಾತ್ರ ಹೋಗುವಂಥ ಒನ್‌ವೇ ವಾಲ್ವ್ ಹಾಕಿದ್ದರೆ ಬಹುಪಾಲು ತಡೆಯಬಹುದು. ಅದು ಕಟ್ಟಡದ ಕೆಲಸ, ಬಾಡಿಗೆದಾರರದ್ದಲ್ಲ. ಇದಕ್ಕೆ ಮುಂಚೆಯೇ "ಜಾಲರಿಯಲ್ಲಿ ನೀರು ನಿಲ್ಲುತ್ತೆ, ವಾಸನೆ ಬರುತ್ತೆ" ಎಂದು ಓನರಿಗೆ ನೀವು ಒಂದೇ ಒಂದು ಮೆಸೇಜು ಹಾಕಿದ್ದರೂ ಅದನ್ನು ಹುಡುಕಿ ತೆಗೆಯಿರಿ. ದೂರು ಕೊಟ್ಟರೂ ರಿಪೇರಿ ಮಾಡಲಿಲ್ಲ ಎಂದಾದರೆ ವಿಷಯ "ದೇವರ ಮಳೆ"ಯಿಂದ ಓನರಿನ ಉದಾಸೀನಕ್ಕೆ ಹೊರಳುತ್ತದೆ.

ಸರ್ವಿಸ್ ಅಪಾರ್ಟ್‌ಮೆಂಟಿನ ಖರ್ಚಿಗೆ ಉತ್ತರವೂ ಇಲ್ಲೇ ಇದೆ. ನೀರು ಬಂದದ್ದಕ್ಕೆ ಯಾರ ತಪ್ಪೂ ಇಲ್ಲದಿದ್ದರೆ ಅದು ನಿಮ್ಮ ಖರ್ಚೇ; ಕೇಳಿದರೂ ಕೋರ್ಟು ಕೊಡಿಸುವುದು ಅನುಮಾನ. ಗೊತ್ತಿದ್ದೂ ಮುಚ್ಚಿಟ್ಟರು, ಅಥವಾ ದೂರು ಕೊಟ್ಟರೂ ರಿಪೇರಿ ಮಾಡಲಿಲ್ಲ ಎಂದು ತೋರಿಸಬಲ್ಲಿರಾದರೆ ಅದು ನಷ್ಟಪರಿಹಾರದ ಬೇಡಿಕೆ. ಆಗ ಬಿಲ್ಲುಗಳು ಬೇಕು. ಆದರೂ ನನ್ನ ಸಲಹೆ: ಮೊದಲ ಪತ್ರದಲ್ಲೇ ಆ ಹಣ ಕೇಳಬೇಡಿ. "ಆ ಬಗ್ಗೆ ನಮ್ಮ ಹಕ್ಕು ಕಾಯ್ದಿರಿಸಿಕೊಂಡಿದ್ದೇವೆ" ಎಂಬ ಒಂದು ಸಾಲು ಸಾಕು. ಬಾಡಿಗೆ ಇಳಿಸಿಕೊಳ್ಳುವ ಮಾತುಕತೆಗೆ ಆ ಸಾಲೇ ತೂಕ ಕೊಡುತ್ತದೆ.

ಇನ್ನು ಮನ್ನಾದ ಲೆಕ್ಕ. "ಸ್ವಲ್ಪ ನೋಡಿ ಮಾಡಿ ಅಂಕಲ್" ಎಂದು ಕೇಳಿದರೆ ಯಾವ ಓನರೂ ಇಳಿಯುವುದಿಲ್ಲ. ಸಂಖ್ಯೆ ಇಟ್ಟರೆ ಚೌಕಾಶಿಗಾದರೂ ಬರುತ್ತಾರೆ. ಆ ತಿಂಗಳಿಗೆ 30 ದಿನ ಹಿಡಿದರೆ ನಿಮ್ಮ ಬಾಡಿಗೆ ದಿನಕ್ಕೆ 800. ತಿಂಗಳ ಮೊದಲ 5 ದಿನ ಮನೆ ಸರಿಯಿತ್ತು, ಅದಕ್ಕೆ ಪೂರ್ತಿ, ಅಂದರೆ 4,000. 6ರಿಂದ 14ರವರೆಗೆ 9 ದಿನ ಕರೆಂಟಿಲ್ಲ, ಒಳಗೆ ಕಾಲಿಡಲಾಗದು, ಅದಕ್ಕೆ ಏನೂ ಇಲ್ಲ. 15ರಿಂದ 30ರವರೆಗೆ 16 ದಿನ ಅರ್ಧ ಮನೆ ಬಳಸಿದ್ದೀರಿ, ದಿನಕ್ಕೆ 400ರಂತೆ 6,400. ಒಟ್ಟು ಕೊಡಬೇಕಾದದ್ದು 10,400, ಬಿಡಬೇಕೆಂದು ಕೇಳುವುದು 13,600. ಅರ್ಧ ಎಂಬುದನ್ನು ಎಲ್ಲಿಂದ ತಂದಿರಿ ಎಂದು ಕೇಳಿದರೆ ಚದರಡಿ ತೋರಿಸಿ. ಎರಡು ರೂಮಿನಲ್ಲಿ ಒಂದು, ಎರಡು ಬಾತ್‌ರೂಮಿನಲ್ಲಿ ಒಂದು ಮುಚ್ಚಿದೆ, ಹಾಲ್, ಅಡುಗೆಮನೆ ಇದೆ. ಅವರು ಮುಚ್ಚಿದ್ದು ಮೂರನೇ ಒಂದು ಭಾಗ ಮಾತ್ರ ಎನ್ನಬಹುದು. ಅಲ್ಲಿ ನಿಂತರೂ ನಿಮಗೆ ನಷ್ಟವಿಲ್ಲ. ಕಟ್ಟಡದ ಮೇಂಟೆನೆನ್ಸ್ ಬೇರೆ ಕಟ್ಟುತ್ತಿದ್ದರೆ ಅದನ್ನು ಇದಕ್ಕೆ ಬೆರೆಸಬೇಡಿ, ಪೂರ್ತಿ ಕಟ್ಟಿಬಿಡಿ.

ಪತ್ರ ಹೀಗಿರಲಿ. ವಾಟ್ಸಾಪಿನಲ್ಲಿ ಒಂದು ಪ್ರತಿ, ಸ್ಪೀಡ್ ಪೋಸ್ಟಿನಲ್ಲಿ ಒಂದು ಪ್ರತಿ:

"ಅಂಕಲ್, ನಮಸ್ಕಾರ. 5ನೇ ತಾರೀಖು ರಾತ್ರಿ ಮನೆಯೊಳಗೆ ಮೊಣಕಾಲಿನವರೆಗೆ ನೀರು ಬಂದದ್ದು, 14ರವರೆಗೆ ಕರೆಂಟ್ ಇಲ್ಲದಿದ್ದದ್ದು ನಿಮಗೆ ಗೊತ್ತಿದೆ. ಫೋಟೋಗಳನ್ನು ಜೊತೆಗೆ ಕಳಿಸಿದ್ದೇವೆ. ಹಿಂದಿನ ರೂಮು, ಅದರ ಬಾತ್‌ರೂಮು ಇನ್ನೂ ಬಳಸುವಂತಿಲ್ಲ. ಜೊತೆಗಿಟ್ಟ ಲೆಕ್ಕದ ಪ್ರಕಾರ ಕಳೆದ ತಿಂಗಳಿಗೆ 10,400 ಇವತ್ತು ಬ್ಯಾಂಕಿಗೆ ಹಾಕಿದ್ದೇವೆ. ಉಳಿದ 13,600ರ ಬಗ್ಗೆ ಕೂತು ಮಾತಾಡೋಣ. ಗೋಡೆ, ವೈರಿಂಗ್, ಚೇಂಬರ್ ರಿಪೇರಿ 15 ದಿನದೊಳಗೆ ಮಾಡಿಸಿಕೊಡಿ. ಅಲ್ಲಿಯವರೆಗೆ ಮೂರನೇ ಮಹಡಿಯ ಮನೆ ಬಳಸಲು ಕೊಟ್ಟರೆ ಅನುಕೂಲ. ಮನೆಯಲ್ಲಿ ನೀರು ಬರುವ ವಿಷಯ ಮೊದಲೇ ತಿಳಿಸದಿದ್ದರ ಬಗ್ಗೆ ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ."

ಇಲ್ಲಿ ಒಂದು ಅಪಾಯ ಹೇಳಲೇಬೇಕು. ಕಾನೂನಿನ ಕಟ್ಟುನಿಟ್ಟಿನ ಲೆಕ್ಕದಲ್ಲಿ, ಅವರು ಒಪ್ಪುವ ಮುಂಚೆ 13,600 ಹಿಡಿದಿಟ್ಟದ್ದು ಬಾಕಿಯೇ. ತುಂಬಾ ಜಗಳಗಂಟ ಓನರ್ ಆಗಿದ್ದರೆ, ಪೂರ್ತಿ 24,000 ಹಾಕಿ "ಆಕ್ಷೇಪಣೆಯೊಂದಿಗೆ ಕಟ್ಟಿದ್ದೇವೆ, 13,600 ವಾಪಸ್ ಕೇಳುತ್ತಿದ್ದೇವೆ" ಎಂದು ಬರೆಯುವುದೇ ಕ್ಷೇಮ. ಯಾಕೆಂದರೆ ನಿಮ್ಮ 2 ಲಕ್ಷ ಅವರ ಕೈಯಲ್ಲಿದೆ. ಬೆಂಗಳೂರಿನ ಬಾಡಿಗೆ ಜಗಳಗಳಲ್ಲಿ ಯಾರ ಕೈಯಲ್ಲಿ ಅಡ್ವಾನ್ಸ್ ಇದೆಯೋ ಅವರು ಕೋರ್ಟಿಗೆ ಹೋಗುವುದಿಲ್ಲ, ಸುಮ್ಮನೆ ಕಳೆದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕೋರ್ಟಿಗೆ ಹೋಗಬೇಕಾದವರು ನೀವು. ಬಾಡಿಗೆ ನಿಲ್ಲಿಸಿ "ಅಡ್ವಾನ್ಸಿನಲ್ಲಿ ಹಿಡ್ಕೊಳ್ಳಿ" ಎಂದವರು ತಮ್ಮ ಜಗಳವನ್ನು ತಮಗೆ ಬಲವಿಲ್ಲದ ಜಾಗಕ್ಕೇ ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಓನರ್ ಬರೀ ಸಿಟ್ಟಿನ ಮನುಷ್ಯರೋ, ಮಾತಿಗೆ ತಪ್ಪುವವರೋ ನಿಮಗೇ ಗೊತ್ತು. ಅದರ ಮೇಲೆ ಎರಡರಲ್ಲಿ ಒಂದು ಆರಿಸಿಕೊಳ್ಳಿ.

ರಿಪೇರಿಗೆ ಮಾತ್ರ ಕಾಯ್ದೆ ಸ್ವಲ್ಪ ಕೈ ಹಿಡಿಯುತ್ತದೆ. ಓನರ್ ಮಾಡಿಸಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟು ಸಾಕಷ್ಟು ದಿನ ಕಾದ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಇದು "ಅವರು ಮಾಡಿಸಬೇಕಾದ" ರಿಪೇರಿಗೆ ಮಾತ್ರ ಎಂಬುದು ನೆನಪಿರಲಿ. ದೊಡ್ಡ ರಿಪೇರಿ ಓನರದ್ದು ಎಂದು ಅಗ್ರಿಮೆಂಟಿನಲ್ಲಿ ಇದ್ದರೆ ಜಗಳವಿಲ್ಲ. ಪ್ಲಂಬರು, ಎಲೆಕ್ಟ್ರಿಷಿಯನ್ನರಿಂದ ಮೊದಲೇ ಅಂದಾಜು ಬರೆಸಿ ಓನರಿಗೆ ಕಳಿಸಿ, ಆಮೇಲೆ ಕೆಲಸ ಮಾಡಿಸಿ, ಹಣ ಬ್ಯಾಂಕಿನ ಮೂಲಕವೇ ಕೊಡಿ.

ಓನರ್ ಕಡೆಯಿಂದ ಒಂದು ಮಾತು ಬಂದೇ ಬರುತ್ತದೆ: "ನಾನೂ ಲೋನ್ ಕಟ್ಟಬೇಕಲ್ಲಮ್ಮ." ಅದು ನಿಜವಿರಬಹುದು. ಆಗ ಅವರ ಹತ್ತಿರ ಮನೆಯ ವಿಮೆ ಇದೆಯೇ ಕೇಳಿ. ಗೃಹಸಾಲ ಕೊಡುವಾಗ ಬ್ಯಾಂಕುಗಳು ಸಾಮಾನ್ಯವಾಗಿ ಮಾಡಿಸಿರುತ್ತವೆ, ಓನರುಗಳಿಗೆ ಮರೆತೇ ಹೋಗಿರುತ್ತದೆ. 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡದ ಹಾನಿಯ ಜೊತೆಗೆ, ಮನೆ ವಾಸಕ್ಕೆ ಬಾರದ ಅವಧಿಯ ಬಾಡಿಗೆ ನಷ್ಟಕ್ಕೂ ರಕ್ಷಣೆ ಇದೆ. ನಿಮಗೆ ಬಿಟ್ಟುಕೊಟ್ಟ ಬಾಡಿಗೆಯನ್ನು ಅವರು ಅಲ್ಲಿಂದ ಪಡೆಯಲು ದಾರಿ ಇದೆ. ಅದಕ್ಕೆ ಮನೆ ಇಂಥ ದಿನದಿಂದ ಇಂಥ ದಿನದವರೆಗೆ ವಾಸಕ್ಕಿರಲಿಲ್ಲ ಎಂಬ ನಿಮ್ಮ ಪತ್ರ, ಫೋಟೋ ಅವರಿಗೇ ಬೇಕಾಗುತ್ತದೆ. ಎದುರುಬದುರು ಕೂತಿದ್ದವರು ಒಂದೇ ಪಕ್ಕಕ್ಕೆ ಬರಲು ಇದೊಂದು ಸಂದರ್ಭ. ಗೋಡೆಗೆ ಬಣ್ಣ ಹೊಡೆಸುವ ಮೊದಲೇ ಕಂಪನಿಗೆ ತಿಳಿಸಬೇಕು, ಸರ್ವೇಯರ್ ಬಂದು ನೋಡಬೇಕು.

ಮೂರನೇ ಮಹಡಿಯ ಮನೆ ಕೊಡುವುದಾದರೆ ಸಂತೋಷದಿಂದ ಹೋಗಿ, ಆದರೆ ಒಂದು ಪುಟದ ಕಾಗದ ಇಲ್ಲದೆ ಹೋಗಬೇಡಿ. ಓನರಿಗೆ ಇರುವ ಹೆದರಿಕೆ, ನೀವು ಎರಡೂ ಮನೆ ಹಿಡಿದುಕೊಂಡು ಕೂತರೆ ಎಂಬುದು. ನಿಮಗಿರಬೇಕಾದ ಹೆದರಿಕೆ, ಮೇಲೆ ಹೋದದ್ದೇ ಕೆಳಗಿನ ಮನೆ ಬಿಟ್ಟಂತೆ ಎಂದು ಅವರು ಆಮೇಲೆ ವಾದಿಸಿದರೆ ಎಂಬುದು. ಎರಡನ್ನೂ ಕಾಗದವೇ ಕಳೆಯುತ್ತದೆ. ಇದು ಹಳೆಯ ಅಗ್ರಿಮೆಂಟಿನ ಮುಂದುವರಿಕೆ, ಹೊಸ ಬಾಡಿಗೆಯಲ್ಲ, ಇಂಥ ತಾರೀಖಿನವರೆಗೆ ತಾತ್ಕಾಲಿಕ, ಬಾಡಿಗೆ ಇಷ್ಟು, ಅಡ್ವಾನ್ಸ್ ಅದೇ, ಕೆಳಗಿನ ಮನೆಯ ಸಾಮಾನು ಅಲ್ಲೇ ಇರುತ್ತದೆ, ರಿಪೇರಿ ಮುಗಿದ ಏಳು ದಿನದಲ್ಲಿ ವಾಪಸ್ ಬರುತ್ತೇವೆ. ಇಬ್ಬರ ಸಹಿ, ತಾರೀಖು. ಬಾಡಿಗೆ ಆ ಚಿಕ್ಕ ಮನೆಗೆ ಮಾರುಕಟ್ಟೆಯಲ್ಲಿ ಇರುವಷ್ಟೇ ಎಂದು ಹೇಳಿ ನೋಡಿ. ಖಾಲಿ ಬಿದ್ದ ಮನೆಯಿಂದ ಹಣ ಬರುವುದರಿಂದ ಒಪ್ಪುವ ಸಂಭವ ಹೆಚ್ಚು.

ವಾಪಸ್ ಬರುವ ಮೊದಲು ಮನೆ ನಿಜವಾಗಿ ಒಣಗಿದೆಯೇ ನೋಡಬೇಕು. ಗೋಡೆ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಮೇಲ್ಮೈ ಒಣಗಿದ್ದರೂ ಒಳಗಿನ ಇಟ್ಟಿಗೆ ನೀರು ಕುಡಿದು ಕೂತಿರುತ್ತದೆ, ಅದು ನೀರು ನಿಂತ ಎತ್ತರಕ್ಕಿಂತ ಮೇಲಕ್ಕೂ ಏರಿರುತ್ತದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಕೆಳಭಾಗಕ್ಕೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಿ ಒಂದು ದಿನ ಬಿಡಿ. ಒಳಮೈಯಲ್ಲಿ ನೀರಹನಿ ಕಂಡರೆ ಗೋಡೆ ಇನ್ನೂ ಹಸಿ. ಆ ಸ್ಥಿತಿಯಲ್ಲಿ ಓನರ್ ಬಣ್ಣ ಹೊಡೆಸಿ "ಮುಗೀತು" ಎಂದರೆ ಒಪ್ಪಬೇಡಿ. ಕೆಲವೇ ವಾರದಲ್ಲಿ ಬಣ್ಣ ಗುಳ್ಳೆ ಎದ್ದು ಉದುರುತ್ತದೆ, ಬೂಷ್ಟು ಹಿಂದಿನಿಂದ ಮತ್ತೆ ಬರುತ್ತದೆ. ನಿಮ್ಮ ಅತ್ತೆಯವರ ಕೆಮ್ಮಿಗೆ ಅದು ಸೇರಬಾರದು. ಹಾಳೆಯ ಫೋಟೋ ತಾರೀಖಿನೊಂದಿಗೆ ಇಟ್ಟುಕೊಂಡರೆ, ಮನೆ ಇನ್ನೂ ಪೂರ್ತಿ ಬಳಕೆಗೆ ಬಂದಿಲ್ಲ ಎಂಬುದಕ್ಕೆ ಅದೇ ದಾಖಲೆ.

ಕರೆಂಟಿನ ವಿಷಯದಲ್ಲಿ ಚೌಕಾಶಿ ಬೇಡವೇ ಬೇಡ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯ ನೀರನ್ನು ಪಂಪಿನಿಂದ ಹೊರಹಾಕುವಾಗ ಶಾಕ್ ಹೊಡೆದು ಇಬ್ಬರು ಸತ್ತರು, ಒಬ್ಬ ಹನ್ನೆರಡು ವರ್ಷದ ಹುಡುಗ. ನೀರಿನಲ್ಲಿ ಮುಳುಗಿದ್ದ ಪ್ಲಗ್ ಪಾಯಿಂಟುಗಳನ್ನು ಬದಲಿಸಿ, ಲೈಸೆನ್ಸಿರುವ ಎಲೆಕ್ಟ್ರಿಷಿಯನ್ನರಿಂದ ವೈರಿಂಗಿನಲ್ಲಿ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ಉಪಕರಣದಲ್ಲಿ ಪರೀಕ್ಷೆ ಮಾಡಿಸಿ, ಚೀಟಿ ಬರೆಸಿಕೊಳ್ಳಿ. 14ಕ್ಕೆ ಕರೆಂಟ್ "ಸರಿಯಾಗಿದೆ" ಎಂದಿದ್ದೀರಲ್ಲ, ಬರೀ ಫ್ಯೂಸ್ ಹಾಕಿ ಹೋದರೇ, ಹೀಗೆ ಪರೀಕ್ಷೆ ಮಾಡಿದರೇ ವಿಚಾರಿಸಿ. ಕೊಳಚೆ ನೀರು ನೆಲದಡಿಯ ಸಂಪಿಗೂ ಸೇರಿರಬಹುದು. ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವವರೆಗೆ ಆ ನೀರಿನಲ್ಲಿ ಬಾಯಿ ಕೂಡ ಮುಕ್ಕಳಿಸಬೇಡಿ.

ಬೆಂಕಿ ಬಿದ್ದ ಮನೆಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಕಾನೂನು ಇದೇ, ಒಂದು ವ್ಯತ್ಯಾಸ ಬಿಟ್ಟು. ಹಾನಿ ಬಾಡಿಗೆದಾರನ ತಪ್ಪಿನಿಂದಲೇ ಆಗಿದ್ದರೆ ಗುತ್ತಿಗೆ ರದ್ದು ಮಾಡುವ ಆ ಹಕ್ಕು ಸಿಗುವುದಿಲ್ಲ. ಮಳೆಯಲ್ಲಿ ಈ ಪ್ರಶ್ನೆ ಏಳುವುದೇ ಕಡಿಮೆ, ಬೆಂಕಿಯಲ್ಲಿ ಮೊದಲು ಏಳುವುದೇ ಇದು: ಹಳೆಯ ವೈರಿಂಗೋ, ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಬ್ಯಾಟರಿಯೋ? ಅಗ್ನಿಶಾಮಕ ಇಲಾಖೆಯ ವರದಿ ಕೈಗೆ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕದಿರುವುದು ಒಳ್ಳೆಯದು. ಭೋಗ್ಯಕ್ಕೆ ಇರುವವರಿಗೆ ಮನ್ನಾ ಮಾಡಲು ತಿಂಗಳ ಬಾಡಿಗೆಯೇ ಇಲ್ಲ. ಅವರು ವಾಸಕ್ಕಿಲ್ಲದ ದಿನಗಳಷ್ಟು ಅವಧಿ ಮುಂದಕ್ಕೆ ಹಾಕಿಸಿಕೊಳ್ಳುವುದನ್ನೋ, ಭೋಗ್ಯದ ಹಣ ಬೇಗ ವಾಪಸ್ ಪಡೆಯುವುದನ್ನೋ ಕೇಳಬೇಕು.

ನಿಮ್ಮ ಓನರ್ ಯಾವುದಕ್ಕೂ ಬಗ್ಗದಿದ್ದರೆ, ಇನ್ನೊಂದು ಮಳೆಗೆ ಅಲ್ಲೇ ಇರುವ ಧೈರ್ಯ ನಿಮಗಿಲ್ಲದಿದ್ದರೆ, ಬಿಡುವುದೇ ಸರಿ. ನಾನಾಗಿದ್ದರೆ ಆ ಕಟ್ಟೆ ನೋಡಿದ ಮೇಲೆ ಬಿಡುತ್ತಿದ್ದೆ. ಅಗ್ರಿಮೆಂಟಿನಲ್ಲಿ ಎಷ್ಟು ದಿನದ ನೋಟಿಸು ಎಂದಿದೆಯೋ ಅಷ್ಟು ಕೊಡಿ. ಅಂಥ ಷರತ್ತಿಲ್ಲದ, ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗೆ ಕಾಯ್ದೆ ಹೇಳುವುದು 15 ದಿನ. ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ: ನೀರು ನುಗ್ಗಿದ್ದು, ದೋಷ ಮುಚ್ಚಿಟ್ಟದ್ದು, ರಿಪೇರಿ ಆಗದಿದ್ದದ್ದು. ಇಷ್ಟು ತಿಂಗಳು ಬಿಡುವಂತಿಲ್ಲ ಎಂಬ ಷರತ್ತು ಇದ್ದರೆ ಅವರು ಅದನ್ನು ಎತ್ತುತ್ತಾರೆ, ಆಗ ಈ ಕಾರಣಗಳೇ ನಿಮ್ಮ ಉತ್ತರ. ಊದಿಕೊಂಡ ಕಪಾಟು, ಹಾಳಾದ ಗೋಡೆಗೆಂದು ಅಡ್ವಾನ್ಸಿನಲ್ಲಿ ಕಳೆಯಲು ಬಂದರೆ ಒಪ್ಪಬೇಡಿ. ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕೆಂಬ ನಿಯಮದಿಂದ ಸಹಜ ಸವೆತವನ್ನೂ ತಡೆಯಲಾಗದ ಶಕ್ತಿಯಿಂದಾದ ಹಾನಿಯನ್ನೂ 108ನೇ ಕಲಮೇ ಹೊರಗಿಟ್ಟಿದೆ. ಒಂದು ತಿಂಗಳ ಪೇಂಟಿಂಗ್ ಹಣವನ್ನೂ ಪ್ರಶ್ನಿಸಿ. ಹೇಗೂ ನೀರಿನಿಂದಲೇ ಹೊಸ ಬಣ್ಣ ಬೇಕಾಗಿದೆ.

ಅಡ್ವಾನ್ಸ್ ಬರದಿದ್ದರೆ ವಕೀಲರ ನೋಟಿಸು, ಆಮೇಲೆ ಸಿವಿಲ್ ದಾವೆ. ಅದಕ್ಕೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ದಾವೆ ಹೂಡುವ ಮುಂಚಿನ ರಾಜಿಗೆ ಓನರನ್ನು ಕರೆಸಲು ಅರ್ಜಿ ಕೊಡಿ. ಮಹಿಳೆಯಾದ್ದರಿಂದ ನಿಮ್ಮ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರು. ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರೂ ಇದ್ದರೆ ಅರ್ಜಿ ನಿಮ್ಮ ಹೆಸರಿನಲ್ಲೇ ಹೋಗಲಿ. ಬಾಡಿಗೆ ಮನ್ನಾ ಸಿಕ್ಕಿದರೆ ನೀವಾಗಲಿ ನಿಮ್ಮ ಯಜಮಾನರಾಗಲಿ ಆಫೀಸಿನಲ್ಲಿ ಎಚ್‌ಆರ್‌ಎಗೆ ಆ ತಿಂಗಳು ನಿಜವಾಗಿ ಕಟ್ಟಿದ ಮೊತ್ತವನ್ನೇ ತೋರಿಸಿ.

ಮನೆ ಬಿಡುವ ದಿನ ಓನರ್ ಜೊತೆ ಒಂದೊಂದು ರೂಮೂ ಸುತ್ತಿ ವಿಡಿಯೊ ಮಾಡಿ, ಮೀಟರ್ ರೀಡಿಂಗ್ ಬರೆದು, "ಇಂಥ ದಿನ ಬೀಗದ ಕೈ ಪಡೆದಿದ್ದೇನೆ, ಅಡ್ವಾನ್ಸಿನಲ್ಲಿ ಇಷ್ಟು ಬಾಕಿ" ಎಂದು ಅವರಿಂದ ಸಹಿ ಹಾಕಿಸಿಕೊಂಡೇ ಕೀ ಕೊಡಿ. ಸಹಿ ಹಾಕಲ್ಲ, ಕೀ ತಗೊಳ್ಳಲ್ಲ ಎಂದರೆ ಕೀ ಹಿಡಿದುಕೊಂಡು ಮನೆಗೆ ಬರಬೇಡಿ. ಅದು ನಿಮ್ಮ ಕೈಯಲ್ಲಿರುವಷ್ಟು ದಿನ ಬಾಡಿಗೆ ಓಡುತ್ತಿದೆ ಎಂದು ವಾದಿಸುತ್ತಾರೆ. ಅವತ್ತೇ ಲಕೋಟೆಗೆ ಹಾಕಿ, ಒಂದು ಪತ್ರದ ಜೊತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.